ಹಿಂದಿನ ಸಾಲಿನ ಕೊನೆಯ ಎರಡು ಕುಳಿ ಹೊಡೆದಿಲ್ಲ: ಹಿಟಾಚಿ ಬಿಡಬಹುದಾ?

ಬೆಂಚ್‌ಮೇಟ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಪ್ರಶ್ನೆ, ಅದಕ್ಕೇ ವಿವರ ಪೂರ್ತಿ ಹಾಕುತ್ತಿದ್ದೇನೆ.

ಬೆಂಚ್ ಎತ್ತರ ಸುಮಾರು 9 ಮೀಟರ್, ಕುಳಿ 10 ಮೀಟರ್ ಆಳ, 100 ಮಿ.ಮೀ. ಅಗಲ. ಬರ್ಡನ್ 3 ಮೀ, ಸ್ಪೇಸಿಂಗ್ 3.5 ಮೀ, ಮೇಲೆ 3 ಮೀ ಸ್ಟೆಮ್ಮಿಂಗ್. ಒಟ್ಟು 30 ಕುಳಿ, ಮೂರು ಸಾಲು, ಸಾಲಿಗೆ ಹತ್ತು. ಎಮಲ್ಷನ್ ತುಂಬಿದ್ದು. ಕುಳಿಯೊಳಗೆ ನಾನೆಲ್ 450 ಮಿಲಿಸೆಕೆಂಡ್, ಮೇಲೆ ಕುಳಿಯಿಂದ ಕುಳಿಗೆ 25, ಸಾಲಿನಿಂದ ಸಾಲಿಗೆ 42. ಗಟ್ಟಿ ಕರಿಕಲ್ಲು.

ಬ್ಲಾಸ್ಟ್ ಆದ ಮೇಲೆ ನೋಡಿದರೆ ಮೂರನೇ ಸಾಲಿನ 9 ಮತ್ತು 10ನೇ ಕುಳಿಯ ಜಾಗ ಹಾಗೇ ನಿಂತಿದೆ. ಬಾಯಿಯ ಸ್ಟೆಮ್ಮಿಂಗ್ ಕದಲಿಲ್ಲ. 10ರಿಂದ ಟ್ಯೂಬ್ ಹೊರಗೆ ಕಾಣುತ್ತದೆ, 9ರದ್ದು ಕಾಣುತ್ತಿಲ್ಲ. ಮುಂದಿನ ಎರಡು ಸಾಲು ಚೆನ್ನಾಗಿ ಒಡೆದು ಕೆಳಗೆ ಬಿದ್ದಿದೆ. ಮೇಲಿನವರು "28 ಕುಳಿ ಹೊಡೆದಿದೆಯಲ್ಲ, ಆ ಕಡೆಯಿಂದ ಹಿಟಾಚಿ ಹಾಕಿ ಲೋಡಿಂಗ್ ಶುರು ಮಾಡಿ, ಆ ಎರಡನ್ನ ನಾಳೆ ನೋಡೋಣ" ಅಂತಿದ್ದಾರೆ. ಬಿಡಬಹುದಾ?

ಜಲ್ಲಿಪುಡಿ
ಬೇಡ. ಬ್ಲಾಸ್ಟರ್ ಸ್ವತಃ ನೋಡಿ ಬರೆದು ಕೊಡುವ ತನಕ ಒಂದು ಬಕೆಟ್ ಕೂಡ ಬೇಡ.

ಕರಿಕಲ್ಲು
ಮೊದಲು ಅಲ್ಲಿ ಎಷ್ಟು ಮದ್ದು ಉಳಿದಿದೆ ಅಂತ ಲೆಕ್ಕ ಮಾಡಿ, ಮೇಲಿನವರಿಗೆ ಆ ಅಂಕಿ ತೋರಿಸಿ. 100 ಮಿ.ಮೀ. ಕುಳಿಯಲ್ಲಿ ಎಮಲ್ಷನ್ ಮೀಟರಿಗೆ ಹತ್ತಿರ ಹತ್ತಿರ 9 ಕೆಜಿ ಕೂರುತ್ತದೆ. 10 ಮೀಟರಲ್ಲಿ 3 ಮೀ ಸ್ಟೆಮ್ಮಿಂಗ್ ಕಳೆದರೆ 7 ಮೀಟರ್ ಮದ್ದು, ಅಂದರೆ ಒಂದು ಕುಳಿಗೆ 63 ಕೆಜಿ. ಎರಡು ಸೇರಿ 126 ಕೆಜಿ, ಜೊತೆಗೆ ಬೂಸ್ಟರ್, ಜೀವಂತ ಡೆಟೋನೇಟರ್. "ಎರಡೇ ಕುಳಿ" ಅನ್ನುವ ಮಾತಿಗೂ "126 ಕೆಜಿ" ಅನ್ನುವ ಮಾತಿಗೂ ಕೇಳುವವರ ಮುಖ ಬೇರೆ ಬೇರೆ ಆಗುತ್ತದೆ.

ಇನ್ನೊಂದು ವಿಷಯ. ಒಂದೇ ಸಾಲಿನ ತುದಿಯ ಎರಡೂ ಕುಳಿ ಒಟ್ಟಿಗೆ ನಿಂತಿವೆ ಅಂದರೆ ಎರಡು ಡೆಟೋನೇಟರ್ ಒಂದೇ ದಿನ ಕೆಟ್ಟವು ಅಂತ ನಾನು ನಂಬುವುದಿಲ್ಲ. ಸರಪಳಿ 8ಕ್ಕೂ 9ಕ್ಕೂ ನಡುವೆ ತುಂಡಾಗಿದೆ. 8ರ ತನಕ ಬಂದ ಕಿಡಿ 9ಕ್ಕೆ ದಾಟಿಲ್ಲ, ಹಾಗಾಗಿ 10ಕ್ಕೂ ಹೋಗಿಲ್ಲ. 9ರ ಬಾಯಿ ಹತ್ತಿರ ಮೇಲ್ಮೈ ಕನೆಕ್ಟರ್ ಒಡೆಯದೆ ಇಡಿಯಾಗಿ ಬಿದ್ದಿದೆಯಾ? ಈಗಲೇ ಹೋಗಿ ನೋಡಬೇಡಿ. ಸಮಯ ಆದ ಮೇಲೆ ಬ್ಲಾಸ್ಟರ್ ನೋಡಲಿ.

ಹಿಟಾಚಿಕ್ಯಾಬಿನ್
ನಾನು ಮಷಿನ್ ಓಡಿಸುವವನು. ನನ್ನ ಪ್ರಶ್ನೆ ಬೇರೆ. ಹೊಡೆಯದ ಕುಳಿ ಮೇಲಿನ ಬೆಂಚಲ್ಲಿ ನಿಂತಿದೆ, ನಾನು ಕೆಳಗೆ ಇನ್ನೊಂದು ತುದಿಯಲ್ಲಿ 25 ಮೀಟರ್ ದೂರದಲ್ಲಿ ಒಡೆದ ಕಲ್ಲು ತುಂಬುತ್ತೇನೆ. ಬಕೆಟ್ ಆ ಕುಳಿಗೆ ತಾಗುವುದೇ ಇಲ್ಲ. ತೊಂದರೆ ಏನು?

ಕರಿಕಲ್ಲು
ನಿಮ್ಮ ಮಷಿನ್ ಕುಳಿಗೆ ತಾಗುವುದಿಲ್ಲ, ಸರಿ. ಆದರೆ ಕಾಲಿಡುವ ರಾಶಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಎರಡು ಕುಳಿ ಹೊಡೆದಿಲ್ಲ ಅಂತ ಕಣ್ಣಿಗೆ ಕಂಡಿದೆ ಅಷ್ಟೆ. ಉಳಿದ 28ರಲ್ಲಿ ಎಲ್ಲವೂ ಪೂರ್ತಿ ಹೊಡೆದಿವೆ ಅನ್ನುವುದು ಊಹೆ. ಪಕ್ಕದ ಕುಳಿ ಹೊಡೆದಾಗ ಕಲ್ಲು ಜಾರಿ ಮದ್ದಿನ ಕಂಬ ನಡುವೆ ಕತ್ತರಿಸಿ ಹೋಗಿರಬಹುದು, ಅರ್ಧ ಕಂಬ ರಾಶಿಯೊಳಗೆ ಹೋಗಿರಬಹುದು.

ಮತ್ತೆ 8ನೇ ಕುಳಿಯಿಂದ 9ರ ಕಡೆಗೆ ಬಿರುಕು ಹೋಗಿರುತ್ತದೆ. ಕೆಳಗಿನಿಂದ ನೀವು ರಾಶಿಯ ಬುಡ ತೆಗೆದರೆ ಮೇಲೆ ನಿಂತ ಆ ತುಂಡು ಕುಳಿ ಸಮೇತ ಕೆಳಗೆ ಬರುತ್ತದೆ. ಆಮೇಲೆ ಹೊಡೆಯದ ಕುಳಿ ಎಲ್ಲಿದೆ ಅಂತ ಗೊತ್ತಿರುವ ಅನುಕೂಲವೂ ಹೋಯಿತು. ಈಗ ನಿಮಗಿರುವ ಒಂದೇ ಬಲ ಅದು: ಅದು ಎಲ್ಲಿದೆ ಅಂತ ನಿಖರವಾಗಿ ಗೊತ್ತು.

ನೀಲಿಬತ್ತಿ
ಅಷ್ಟೆಲ್ಲ ಯಾಕೆ. ಹೊಡೆಯದ ಕುಳಿಯಿಂದ 30 ಸೆಂ.ಮೀ. ಬಿಟ್ಟು ಸಮಾನಾಂತರವಾಗಿ ಹೊಸ ಕುಳಿ ಹಾಕಿ ಹೊಡೆದರೆ ಹಳೆಯದೂ ಅದರ ಜೊತೆ ಹೋಗುತ್ತದೆ. ಎಷ್ಟೋ ಕಡೆ ನಿಯಮದಲ್ಲೇ ಬರೆದಿದೆ.

ಕರಿಕಲ್ಲು
ನೀಲಿಬತ್ತಿಯವರೇ, ಆ 30 ಸೆಂ.ಮೀ. ಬಂದಿದ್ದು ಜಾಕ್‌ಹ್ಯಾಮರ್‌ನಲ್ಲಿ ಹಾಕುವ ಒಂದೂವರೆ, ಎರಡು ಮೀಟರ್ ಕುಳಿಗೆ. ಅಲ್ಲಿ ರಾಡ್ ಅಷ್ಟಾಗಿ ವಾಲುವುದಿಲ್ಲ, ಕೋಲಿಟ್ಟು ದಿಕ್ಕು ನೋಡಬಹುದು. ಇದು 10 ಮೀಟರ್ ಕುಳಿ. ಎರಡು ಡಿಗ್ರಿ ವಾಲಿದರೂ 9 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ 31 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಹಳೆಯ ಕುಳಿಯೂ ಅಷ್ಟೇ ವಾಲಿರಬಹುದು. ಬಾಯಲ್ಲಿ 30 ಸೆಂ.ಮೀ. ಅಂತರ ಇಟ್ಟುಕೊಂಡು ಕೆಳಗೆ ಹೋದರೆ ಡ್ರಿಲ್ ಬಿಟ್ ನೇರವಾಗಿ ಬೂಸ್ಟರ್ ಮೇಲೇ ಕೂರಬಹುದು. ಬೂಸ್ಟರ್ ಇರುವುದೂ ತಳದಲ್ಲೇ.

ಆಳದ ಕುಳಿಗೆ ಪಕ್ಕದ ಕುಳಿ ಹಾಕಲೇಬೇಕು ಅಂದರೆ ಅಂತರ ಮೀಟರ್ ಲೆಕ್ಕದಲ್ಲಿರಬೇಕು. ಅದನ್ನೂ ಡ್ರಿಲ್ಲರ್ ಲಾಗ್ ಮತ್ತು ಕುಳಿಯ ವಾಲು ಅಳತೆ ಕೈಯಲ್ಲಿದ್ದರೆ ಮಾತ್ರ ಯೋಚಿಸಿ. ಅಷ್ಟು ದೂರದಿಂದ ಹೊಡೆದರೆ ಹಳೆಯದು ಜೊತೆಗೆ ಹೋಗುತ್ತದೆ ಅನ್ನುವ ಭರವಸೆ ಇರುವುದಿಲ್ಲ. ಸುತ್ತಲಿನ ಕಲ್ಲು ಸಡಿಲವಾಗಿ, ಹೊಡೆಯದ ಮದ್ದು ರಾಶಿಯೊಳಗೆ ಬೀಳುತ್ತದೆ, ಅಷ್ಟೆ. ಆಮೇಲೆ ಅದನ್ನು ಕೈಯಿಂದ ಹುಡುಕಬೇಕು.

ನೀಲಿಬತ್ತಿ
ಸಣ್ಣ ಕುಳಿಗೆ ಅನ್ನುವುದು ಒಪ್ಪಿದೆ. ದೊಡ್ಡದಕ್ಕೂ ಹಾಗೇ ಮಾಡಿದ್ದನ್ನು ನೋಡಿದ್ದೆ, ಅದಕ್ಕೆ ಹೇಳಿದೆ.

ಜಲ್ಲಿಪುಡಿ
ಮಾಡಿದ್ದಾರೆ, ಏನೂ ಆಗಿಲ್ಲ ಅನ್ನುವುದು ಈ ಕೆಲಸದಲ್ಲಿ ಪುರಾವೆ ಅಲ್ಲ.

ತಂತಿಮೀಟರ್
ನಮ್ಮಲ್ಲೂ ಇದೇ ಸಮಸ್ಯೆ. ಕರೆಂಟ್ ಕೇಪು, ಎಲ್ಲ ಸೀರೀಸ್ ಸಂಪರ್ಕ. ಆಗಾಗ ಮೂರು ನಾಲ್ಕು ಹೊಡೆಯುವುದೇ ಇಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೆ ಸರ್ಕ್ಯೂಟ್ ಸರಿಯಾಗಿರುತ್ತದೆ. ಟ್ಯೂಬ್‌ನಲ್ಲಿ ಬ್ಯಾಟರಿ ವೀಕ್ ಆದರೆ ಹೀಗಾಗುತ್ತದಾ?

ಕರಿಕಲ್ಲು
ಟ್ಯೂಬಿಗೆ ಕರೆಂಟ್ ಇಲ್ಲ ತಂತಿಮೀಟರ್, ನಿಮ್ಮದು ಬೇರೆಯೇ ವಿಷಯ. ಆದರೆ ಒಂದು ಮಾತು ಈಗಲೇ: ಸಾಮಾನ್ಯ ಮಲ್ಟಿಮೀಟರ್ ಡೆಟೋನೇಟರ್ ಸರ್ಕ್ಯೂಟಿಗೆ ಮುಟ್ಟಿಸಬೇಡಿ. ಅದರೊಳಗಿನ ಬ್ಯಾಟರಿಯಿಂದ ಹರಿಯುವ ಕರೆಂಟೇ ಕೇಪು ಹೊಡೆಯಲು ಸಾಕಾಗಬಹುದು. ಬ್ಲಾಸ್ಟಿಂಗ್‌ಗೆ ಅಂತಲೇ ಮಾಡಿದ, ತೀರಾ ಕಡಿಮೆ ಕರೆಂಟ್ ಬಿಡುವ ಮೀಟರ್ ಬರುತ್ತದೆ. ಅದೊಂದೇ ಬಳಸಿ, ಅದನ್ನೂ ಸುರಕ್ಷಿತ ಜಾಗದಿಂದ.

ಮೂರು ನಾಲ್ಕು ಉಳಿಯಲು ಸಾಮಾನ್ಯ ಕಾರಣ: ಎರಡು ಕಂಪನಿಯ ಕೇಪು ಒಂದೇ ಸರ್ಕ್ಯೂಟಿನಲ್ಲಿ ಬೆರೆಸುವುದು. ಒಂದು ಬೇಗ ಹೊತ್ತಿಕೊಂಡು ಸೀರೀಸ್ ತುಂಡು ಮಾಡುತ್ತದೆ, ಇನ್ನೊಂದಕ್ಕೆ ಬೇಕಾದಷ್ಟು ಶಕ್ತಿ ಸಿಗುವ ಮೊದಲೇ ಸರ್ಕ್ಯೂಟ್ ಸತ್ತಿರುತ್ತದೆ. ಮೀಟರ್ ಇದನ್ನು ಹಿಡಿಯುವುದಿಲ್ಲ. ಒದ್ದೆ ನೆಲದಲ್ಲಿ ಬಿಚ್ಚಿದ ಜಾಯಿಂಟ್ ಇದ್ದರೂ ಹೀಗೇ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ಬೆಂಚ್‌ಮೇಟ್
ಧನ್ಯವಾದ ಕರಿಕಲ್ಲು ಸರ್. ಲೋಡಿಂಗ್ ನಿಲ್ಲಿಸಿದ್ದೇವೆ. ಕಾವಲಿನವರನ್ನು ವಾಪಸ್ ಅವರವರ ಜಾಗಕ್ಕೆ ಕಳಿಸಿದ್ದೇವೆ. ಎಷ್ಟು ಹೊತ್ತು ಕಾಯಬೇಕು? ನಮ್ಮ ಬ್ಲಾಸ್ಟರ್ 5 ನಿಮಿಷ ಸಾಕು ಅಂತಾರೆ.

ಹಸಿರುಬಾವುಟ
"ವಾಪಸ್ ಕಳಿಸಿದ್ದೇವೆ" ಅಂದರೆ ಅವರು ಜಾಗ ಬಿಟ್ಟು ಬಂದಿದ್ದರಾ? ಸದ್ದು ಕೇಳಿದ ತಕ್ಷಣ ಕಾವಲು ಬಿಟ್ಟು ಬರುವುದೇ ನಮ್ಮ ಕ್ವಾರಿಗಳ ದೊಡ್ಡ ರೋಗ. ಕಾವಲಿನವನು ಬಿಡಬೇಕಾದದ್ದು ಬ್ಲಾಸ್ಟರ್ ರೇಡಿಯೋದಲ್ಲಿ ಅವನ ಹೆಸರು ಹಿಡಿದು "ಕ್ಲಿಯರ್" ಅಂದ ಮೇಲೆ. ಸೈರನ್ ಸಾಲದು, ಪಕ್ಕದ ಕಾವಲಿನವನು ನಡೆದು ಹೊರಟಿದ್ದೂ ಸಾಲದು. ಹೆಸರು, ಉತ್ತರ, ಹೆಸರು, ಉತ್ತರ, ಹೀಗೆ ಒಬ್ಬೊಬ್ಬರದ್ದೂ ಆಗಬೇಕು.

ಕರಿಕಲ್ಲು
ಕಾಯುವ ಸಮಯ ಒಂದೊಂದು ದೇಶದ ನಿಯಮದಲ್ಲಿ ಒಂದೊಂದು ರೀತಿ ಇದೆ. ಅಮೆರಿಕದ ಗಣಿ ನಿಯಮದಲ್ಲಿ ಬತ್ತಿಗೆ 30 ನಿಮಿಷ, ಸಾಮಾನ್ಯ ಡೆಟೋನೇಟರಿಗೆ 15 ನಿಮಿಷ. ಕೆಲವು ಕಡೆ ಕರೆಂಟ್ ಕೇಪಿಗೆ 5 ನಿಮಿಷ ಅಂತಿದೆ, ನಿಮ್ಮ ಬ್ಲಾಸ್ಟರ್ ಬಹುಶಃ ಅದನ್ನು ಹಿಡಿದು ಹೇಳುತ್ತಿದ್ದಾರೆ. ನಿಮ್ಮ ಜಾಗದ ನಿಯಮ ಒಂದು, ಡೆಟೋನೇಟರ್ ತಯಾರಿಸಿದವರ ಸೂಚನೆ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಿರಿ.

ಹೊಡೆಯದ ಕುಳಿಯ ಬಾಯಿಂದ ಹೊಗೆ ಬರುತ್ತಿದ್ದರೆ ಈ ಅಂಕಿಗಳೆಲ್ಲ ರದ್ದು. ಒಳಗೆ ಮದ್ದು ಉರಿಯುತ್ತಿದೆ ಅಂತ ಅರ್ಥ. ಉರಿ ಯಾವಾಗ ಸ್ಫೋಟ ಆಗುತ್ತದೆ ಅಂತ ಯಾರೂ ಹೇಳಲಾರರು. ಹೊಗೆ ಪೂರ್ತಿ ನಿಂತು ಕನಿಷ್ಠ ಒಂದು ಗಂಟೆ ಆಗುವ ತನಕ ಯಾರೂ ವಲಯದೊಳಗೆ ಹೋಗಬಾರದು. ದೂರದಿಂದ ದುರ್ಬೀನಿನಲ್ಲಿ ನೋಡಿ, ಇಲ್ಲವೇ ಡ್ರೋನ್ ಬಿಡಿ.

ಜಲ್ಲಿಪುಡಿ
ನಾನೆಲ್‌ನಲ್ಲಿ ಡಿಲೇ ಅರ್ಧ ಸೆಕೆಂಡ್. ಅದು ಮುಗಿದು ಅರ್ಧ ಗಂಟೆ ಆದ ಮೇಲೆ ತಾನಾಗಿ ಹೇಗೆ ಹೊಡೆಯುತ್ತದೆ? 5 ನಿಮಿಷ ಅನ್ನುವವರ ವಾದ ಇದೇ, ಪೂರ್ತಿ ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ.

ಕರಿಕಲ್ಲು
ಡಿಲೇ ಅರ್ಧ ಸೆಕೆಂಡ್ ಅನ್ನುವುದು ಡೆಟೋನೇಟರ್ ಸರಿಯಾಗಿ ಕೆಲಸ ಮಾಡಿದಾಗ. ಅದು ಸರಿಯಾಗಿ ಕೆಲಸ ಮಾಡಿಲ್ಲ ಅನ್ನುವುದೇ ಇಲ್ಲಿನ ಸುದ್ದಿ. ಡೆಟೋನೇಟರ್ ಅರೆಬರೆ ಹೊಡೆದು ಮದ್ದಿಗೆ ಬೆಂಕಿ ಹಿಡಿಸಿರಬಹುದು, ಸ್ಫೋಟ ಮಾಡಿಸಿರಲಿಕ್ಕಿಲ್ಲ. 3 ಮೀಟರ್ ಸ್ಟೆಮ್ಮಿಂಗ್ ಕೆಳಗೆ ಉರಿಯುವುದರ ಹೊಗೆ ಮೇಲೆ ಬರಲು ಸಮಯ ಬೇಕು. ಕಾಯುವುದು ಆ ಹೊಗೆ ಕಾಣಲಿ ಅಂತ.

ಸರ್ವೆಕೋಲು
ಸರಪಳಿ ತುಂಡಾಗಿದೆ ಅನ್ನುವುದಕ್ಕೆ ನನ್ನದೊಂದು ಅನುಮಾನ. ಸಾಲಿನ ಡಿಲೇ ಲೆಕ್ಕ ಮಾಡಿದೆ. ಮೂರನೇ ಸಾಲಿನ 10ನೇ ಕುಳಿಗೆ ಮೇಲ್ಮೈ ಕಿಡಿ ತಲುಪುವುದು 9 × 25 + 2 × 42, ಅಂದರೆ 309 ಮಿಲಿಸೆಕೆಂಡಿಗೆ. ಮೊದಲ ಕುಳಿ ಹೊಡೆಯುವುದು 450ಕ್ಕೆ. ಕಲ್ಲು ಕದಲುವ ಮೊದಲೇ ಎಲ್ಲ ಕುಳಿಗೂ ಕಿಡಿ ಹೋಗಿ ಮುಗಿದಿರಬೇಕಲ್ಲ. ನೆಲ ಜಾರಿ ಟ್ಯೂಬ್ ಕತ್ತರಿಸಿತು ಅನ್ನಲು ಜಾಗವೇ ಇಲ್ಲ.

ಕರಿಕಲ್ಲು
ಲೆಕ್ಕ ಸರಿ, ಅದಕ್ಕೇ ನೆಲ ಜಾರಿದ್ದು ಕಾರಣ ಅಲ್ಲ ಅಂತ ನಾನೂ ಹೇಳುತ್ತೇನೆ. ಕಲ್ಲು ಕದಲುವುದಕ್ಕೆ ಮೊದಲೇ ಟ್ಯೂಬ್ ಕತ್ತರಿಸುವುದು ಇನ್ನೊಂದಿದೆ: ಕನೆಕ್ಟರ್ ಒಳಗಿನ ಪುಟ್ಟ ಡೆಟೋನೇಟರ್. ಅದು ಸಿಡಿದಾಗ ಲೋಹದ ಚೂರು ಹಾರುತ್ತದೆ. ಅದರ ದಿಕ್ಕಿನಲ್ಲಿ ಮುಂದಿನ ಟ್ಯೂಬ್ ಅಡ್ಡ ಬಿದ್ದಿದ್ದರೆ ಕಿಡಿ ಅಲ್ಲಿಗೆ ಬರುವ ಮೊದಲೇ ಟ್ಯೂಬ್ ತುಂಡು. ಟ್ಯೂಬಿನಲ್ಲಿ ಕಿಡಿ ಸೆಕೆಂಡಿಗೆ ಸುಮಾರು 2000 ಮೀಟರ್ ವೇಗದಲ್ಲಿ ಓಡುತ್ತದೆ, ಆದರೂ ಚೂರು ಹತ್ತಿರದಲ್ಲಿದ್ದರೆ ಅದೇ ಗೆಲ್ಲುತ್ತದೆ. ಅದಕ್ಕೇ ಕನೆಕ್ಟರ್ ಮೇಲೆ ಡ್ರಿಲ್ ಪುಡಿ ಮುಚ್ಚುವುದು, ಉಳಿದ ಟ್ಯೂಬನ್ನು ಅದರಿಂದ ದೂರ ಎಳೆದು ಇಡುವುದು.

ಇನ್ನೊಂದು ಸಾಧ್ಯತೆ ಇನ್ನೂ ಸರಳ. ಟ್ಯೂಬ್ ಕನೆಕ್ಟರ್ ಬ್ಲಾಕಿನೊಳಗೆ ಪೂರ್ತಿ ಕೂತಿರಲಿಲ್ಲ. ಬ್ಲಾಕ್ ಮುಚ್ಚಿದಾಗ "ಟಕ್" ಅಂದರೂ ಟ್ಯೂಬ್ ಬ್ಲಾಕಿನ ತುಟಿಯಲ್ಲೇ ನಿಂತಿರಬಹುದು. 9ರ ಬಾಯಲ್ಲಿ ಬ್ಲಾಕ್ ಒಡೆಯದೆ ಸಿಕ್ಕರೆ 8ರಿಂದ ಬಂದ ಟ್ಯೂಬೇ ಸತ್ತಿತ್ತು. ಬ್ಲಾಕ್ ಚೂರು ಚೂರಾಗಿ, 9ರ ಟ್ಯೂಬ್ ಅದರ ಪಕ್ಕ ಬಿದ್ದಿದ್ದರೆ ಕೂರಿಸಿದ್ದು ತಪ್ಪು. ಆದರೆ ಹಾಗಾಗಿದ್ದರೆ 10ನೇ ಕುಳಿ ಹೊಡೆಯಬೇಕಿತ್ತು, ಯಾಕೆಂದರೆ ಸಾಲಿನ ಕಿಡಿ ಮುಂದೆ ಹೋಗಿರುತ್ತಿತ್ತು. ಹೊಡೆದಿಲ್ಲವಾದ್ದರಿಂದ ನನ್ನ ಅನುಮಾನ 8ರ ಹತ್ತಿರದ ಜಾಗದ ಮೇಲೆ.

ಮದ್ದುಮನೆ
ಕಾರಣ ಹುಡುಕುವಾಗ ಸ್ಟೋರ್ ಕಡೆಯೂ ನೋಡಿ. ನಾನು ಮ್ಯಾಗಜಿನ್ ರಿಜಿಸ್ಟರ್ ಬರೆಯುವವನು. ನಾನೆಲ್ ಡೆಟೋನೇಟರ್ ಫಾಯಿಲ್ ಚೀಲದಲ್ಲಿ ಬರುತ್ತದೆ. ಚೀಲ ಒಡೆದ ಮೇಲೆ ಎಷ್ಟು ದಿನದೊಳಗೆ ಬಳಸಬೇಕು ಅಂತ ಮೇಲೆ ಬರೆದಿರುತ್ತದೆ. ಬಹಳ ಕಡೆ ಏನಾಗುತ್ತದೆ: ಹೋದ ಸಲ ಒಡೆದ ಚೀಲದಲ್ಲಿ ನಾಲ್ಕೈದು ಉಳಿದಿರುತ್ತವೆ, ಅವನ್ನು ಸುಮ್ಮನೆ ಹಿಂದೆ ತಳ್ಳಿ ಹೊಸ ಚೀಲ ತೆಗೆಯುತ್ತಾರೆ. ತಿಂಗಳುಗಟ್ಟಲೆ ಆದ ಮೇಲೆ ಎಣಿಕೆ ಸರಿಹೊಂದಿಸಲು ಆ ಹಳೆಯದನ್ನೇ ಸಾಲಿನ ಕೊನೆಗೆ ಹಾಕುತ್ತಾರೆ. ಸಾಲಿನ ಕೊನೆಯ ಎರಡು ಕುಳಿ ಅಂದಾಗ ನನಗೆ ಮೊದಲು ಬಂದ ಯೋಚನೆ ಅದು. ಟ್ಯೂಬ್ ತುದಿ ಸೀಲ್ ಇರುತ್ತದೆ, ಆದರೆ ಎಲ್ಲೋ ಉಜ್ಜಿ ತೂತಾಗಿದ್ದರೆ ತೇವ ಒಳಗೆ ಹೋಗಿ ಕಿಡಿ ಅಲ್ಲೇ ನಿಲ್ಲುತ್ತದೆ.

ಬ್ಯಾಚ್ ನಂಬರ್ ಕುಳಿ ಕುಳಿಗೆ ಬರೆದಿದ್ದೀರಾ?

ಬೆಂಚ್‌ಮೇಟ್
ಒಟ್ಟು ಬರೆದಿದ್ದೇವೆ, ಕುಳಿವಾರು ಬರೆದಿಲ್ಲ. ತೆಗೆದುಕೊಂಡದ್ದು 32, ಬಳಸಿದ್ದು 30, ವಾಪಸ್ 2.

ಮದ್ದುಮನೆ
ಆ ವಾಪಸ್ ಬಂದ 2 ಯಾವ ಚೀಲದ್ದು ನೋಡಿ. ಹೊಸ ಚೀಲದ್ದು ವಾಪಸ್ ಬಂದು ಹಳೆಯದು ಒಳಗೆ ಹೋಗಿದ್ದರೆ ಬೇರೆ ಕಥೆ. ಮತ್ತೆ ದಯವಿಟ್ಟು, ಇವತ್ತು ಮರುಬ್ಲಾಸ್ಟಿಗೆ ಅಂತ ತೆಗೆಯುವ ಬೂಸ್ಟರಿಗೆ ಮ್ಯಾಗಜಿನ್ ಬಾಗಿಲಲ್ಲೇ ಡೆಟೋನೇಟರ್ ಚುಚ್ಚಬೇಡಿ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಒಯ್ದು ಕುಳಿಯ ಬಾಯಲ್ಲಿ ಜೋಡಿಸಿ. ಜೋಡಿಸಿದ ಮೇಲೆ ಕೆಲಸ ರದ್ದಾದರೆ ಅದನ್ನು ಹಾಗೇ ಸ್ಟೋರಿಗೆ ತರಬೇಡಿ, ಬ್ಲಾಸ್ಟರ್ ಅಲ್ಲೇ ಬಿಚ್ಚಿ ಬೇರೆ ಮಾಡಿ ಕೊಡಲಿ.

ಹಿಟಾಚಿಕ್ಯಾಬಿನ್
10ನೇ ಕುಳಿಯ ಟ್ಯೂಬ್ ಕಾಣುತ್ತಿದೆಯಲ್ಲ. ಮೆಲ್ಲಗೆ ಎಳೆದರೆ ಡೆಟೋನೇಟರ್ ಹೊರಗೆ ಬರುವುದಿಲ್ಲವಾ?

ಜಲ್ಲಿಪುಡಿ
ಮುಟ್ಟಬೇಡಿ ಅಣ್ಣ. 7 ಮೀಟರ್ ಎಮಲ್ಷನ್, ಅದರ ಮೇಲೆ 3 ಮೀಟರ್ ಜಲ್ಲಿ. ಟ್ಯೂಬ್ ಹಿಗ್ಗಿ ತುಂಡಾಗುತ್ತದೆ, ಇಲ್ಲ ಡೆಟೋನೇಟರ್ ಬೂಸ್ಟರಿನಿಂದ ಕಿತ್ತು ಉಜ್ಜುತ್ತದೆ. ಮರುಸಂಪರ್ಕಕ್ಕೆ ಇರುವ ಒಂದೇ ದಾರಿ ಆ ಟ್ಯೂಬ್, ಅದನ್ನೂ ಕಳೆದುಕೊಳ್ಳುತ್ತೀರಿ.

ಕರಿಕಲ್ಲು
ಸರಿಯಾಗಿ ಹೇಳಿದರು. ಟ್ಯೂಬಿನ ಬಣ್ಣ ನೋಡಿ "ಇದು ಹೊತ್ತಿದೆ, ಕುಳಿ ಹೋಗಿದೆ" ಅಂತಲೂ ತೀರ್ಮಾನಿಸಬೇಡಿ. ಟ್ಯೂಬ್ ಹೊತ್ತಿರಬಹುದು, ಕೆಳಗಿನ ಡೆಟೋನೇಟರ್ ಹೊಡೆದಿರಲಿಕ್ಕಿಲ್ಲ.

ಈಗ ಮುಂದಿನ ದಾರಿ. 10ನೇ ಕುಳಿಗೆ ಟ್ಯೂಬ್ ಇದೆ, ಅದು ಜೀವಂತ ಇದ್ದರೆ ಹೊಸ ಸ್ಟಾರ್ಟರ್ ಜೋಡಿಸಿ ಮತ್ತೆ ಹೊಡೆಯಬಹುದು. 9ರದ್ದು ಕಾಣುತ್ತಿಲ್ಲ, ಅಲ್ಲಿ ಕಷ್ಟ. ಬಾಯಲ್ಲಿ ಪುಡಿಯೊಳಗೆ ಹುದುಗಿದೆಯಾ ಅಂತ ಬ್ಲಾಸ್ಟರ್ ಕೈಯಿಂದ ಸರಿಸಿ ನೋಡಲಿ. ಸಿಗದಿದ್ದರೆ ಸ್ಟೆಮ್ಮಿಂಗ್ ತೆಗೆದು, ಮದ್ದಿನ ತಲೆಯ ಮೇಲೆ ಹೊಸ ಬೂಸ್ಟರ್, ಹೊಸ ಡೆಟೋನೇಟರ್ ಇಳಿಸಿ, ಮತ್ತೆ ಸ್ಟೆಮ್ಮಿಂಗ್ ತುಂಬಬೇಕು. ಸ್ಟೆಮ್ಮಿಂಗ್ ತೆಗೆಯುವುದು ಪ್ಲಾಸ್ಟಿಕ್ ಪೈಪಿನಲ್ಲಿ ನೀರು ಬಿಟ್ಟು. ಕಬ್ಬಿಣದ ಪೈಪ್, ಕಬ್ಬಿಣದ ಚಮಚ ಯಾವುದೂ ಒಳಗೆ ಹೋಗಬಾರದು. ಪೈಪಿಗೆ 3 ಮೀಟರಿನಲ್ಲಿ ಗುರುತು ಹಾಕಿಕೊಳ್ಳಿ, ಎರಡೂಮುಕ್ಕಾಲಿಗೆ ಬಂದಾಗ ನೀರು ಕಡಿಮೆ ಮಾಡಿ. ಇದನ್ನು ಮಾಡುವವರು ಇಬ್ಬರೇ, ಉಳಿದವರೆಲ್ಲ ವಲಯದ ಹೊರಗೆ.

ಅನ್ಫೋ ಆಗಿದ್ದರೆ ನೀರಲ್ಲಿ ಕರಗಿ ನಿಷ್ಕ್ರಿಯ ಆಗುತ್ತಿತ್ತು. ಎಮಲ್ಷನ್ ಹಾಗಲ್ಲ, ನೀರು ತಡೆಯುವುದಕ್ಕೇ ಮಾಡಿದ್ದು. ಅದಕ್ಕೇ ತೊಳೆದು ತೆಗೆಯುವ ಯೋಚನೆ ಬೇಡ, ಮತ್ತೆ ಹೊಡೆಯುವ ಯೋಚನೆ ಮಾತ್ರ.

ಸರ್ವೆಕೋಲು
ಮತ್ತೆ ಹೊಡೆಯುವಾಗ ಕಾವಲು ದೂರ ಎಷ್ಟು? ಮೊದಲ ಬ್ಲಾಸ್ಟಿಗೆ 300 ಮೀಟರ್ ಇಟ್ಟಿದ್ದರು ಅಂತ ಇಟ್ಟುಕೊಳ್ಳೋಣ. 30 ಕುಳಿಗೆ 300 ಸಾಕಾಗಿದ್ದರೆ ಎರಡು ಕುಳಿಗೆ ಅದಕ್ಕಿಂತ ಕಡಿಮೆ ಸಾಕಲ್ಲ?

ಕರಿಕಲ್ಲು
ಇಲ್ಲಿಯೇ ಎಲ್ಲರೂ ಎಡವುವುದು. ಕಲ್ಲು ಎಷ್ಟು ದೂರ ಹಾರುತ್ತದೆ ಅನ್ನುವುದು ಕುಳಿಗಳ ಸಂಖ್ಯೆಯ ಮೇಲೆ ಇಲ್ಲ. ಒಂದು ಕುಳಿಯ ಮುಂದೆ ಎಷ್ಟು ಕಲ್ಲು ದಪ್ಪ ಇದೆ ಅನ್ನುವುದರ ಮೇಲಿದೆ. ರಿಚರ್ಡ್ಸ್ ಮತ್ತು ಮೂರ್ ಅವರ ಸೂತ್ರ ಹಾಕಿ ನೋಡಿ:

```
L = (k² / g) × (√m / B)^2.6
```

m ಅಂದರೆ ಮೀಟರಿಗೆ ಎಷ್ಟು ಕೆಜಿ ಮದ್ದು, B ಅಂದರೆ ಬರ್ಡನ್. k ಕಲ್ಲಿನ ಮೇಲೆ ಹೋಗುತ್ತದೆ, ಮೆದು ಕಲ್ಲಿಗೆ 13.5, ಗಟ್ಟಿಗೆ 27ರ ತನಕ. ನಿಮ್ಮದು ಗಟ್ಟಿ ಕಲ್ಲು, 27 ಇಟ್ಟುಕೊಳ್ಳಿ. ಮೀಟರಿಗೆ 9 ಕೆಜಿ, ಅದರ ವರ್ಗಮೂಲ 3. ಬರ್ಡನ್ 3 ಮೀಟರ್ ಇದ್ದಾಗ ಬ್ರಾಕೆಟ್ ಒಳಗಿನದು 1 ಆಗಿ L ಸುಮಾರು 74 ಮೀಟರ್. ಜನರಿಗೆ ಅದರ ನಾಲ್ಕು ಪಟ್ಟು, 298. ನಿಮ್ಮ 300 ಇಲ್ಲಿಗೆ ಸರಿಯಾಗಿ ಕೂರುತ್ತದೆ.

ಈಗ ಮುಂದಿನ ಸಾಲು ಹೊಡೆದು ಹೋಗುವಾಗ ಹಿಂದಕ್ಕೂ ಕಲ್ಲು ಕಿತ್ತುಕೊಂಡು ಹೋಗಿದೆ. 9ನೇ ಕುಳಿಯ ಮುಂದೆ 3 ಮೀಟರ್ ಉಳಿಯದೆ 2 ಮೀಟರ್ ಉಳಿದಿದೆ ಅಂತ ಇಟ್ಟುಕೊಳ್ಳಿ. L 213 ಮೀಟರ್ ಆಗುತ್ತದೆ, ನಾಲ್ಕು ಪಟ್ಟು 850 ದಾಟುತ್ತದೆ. ಒಂದೂವರೆ ಮೀಟರ್ ಉಳಿದಿದ್ದರೆ L 451, ಜನರಿಗೆ 1800. ಮದ್ದು ಅಷ್ಟೇ, ಕುಳಿ ಎರಡೇ, ಒಂದು ಮೀಟರ್ ಕಲ್ಲು ಕಡಿಮೆ ಆಗಿದ್ದಕ್ಕೆ ವಲಯ ಸುಮಾರು ಮೂರು ಪಟ್ಟು.

ನೀಲಿಬತ್ತಿ
ಹಿಂದಕ್ಕೆ ಕಿತ್ತುಹೋಗುವುದು ಮೇಲುಭಾಗದಲ್ಲಿ ಮಾತ್ರ. ಮೇಲಿನ 3 ಮೀಟರಲ್ಲಿ ಮದ್ದೇ ಇಲ್ಲ, ಸ್ಟೆಮ್ಮಿಂಗ್. ಕೆಳಗೆ ಮದ್ದು ಇರುವ ಕಡೆ ಮುಂದಿನ ಸಾಲಿನ ರಾಶಿ ಒರಗಿ ನಿಂತಿದೆ. ಹಾಗಾಗಿ 850 ಅನ್ನುವುದು ಅತಿ.

ಕರಿಕಲ್ಲು
ಅರ್ಧ ಸರಿ. ಕಿತ್ತುಹೋದದ್ದು 3 ಮೀಟರ್ ಒಳಗೇ ನಿಂತಿದ್ದರೆ ನೀವು ಹೇಳಿದ್ದು ಪೂರ್ತಿ ಸರಿ. ಆದರೆ ಅದು ಅಲ್ಲೇ ನಿಂತಿದೆ ಅಂತ ಹೇಳುವವರು ಯಾರು? ಅಳೆಯಬೇಕು. ರಾಶಿಯೂ ಹಾಗೇ. 9 ಮೀಟರ್ ಗೋಡೆಯಲ್ಲಿ ರಾಶಿ 5 ಮೀಟರ್ ತನಕ ಒರಗಿದೆ ಅನ್ನೋಣ. ಉಳಿದ 4 ಮೀಟರಲ್ಲಿ 3 ಸ್ಟೆಮ್ಮಿಂಗ್. ನಡುವೆ ಒಂದು ಮೀಟರ್ ಮದ್ದಿನ ಕಂಬ ಬರೀ ಗೋಡೆಯ ಹಿಂದೆ ನಿಂತಿದೆ. ಕಲ್ಲು ಹಾರುವುದು ಆ ಒಂದು ಮೀಟರಿನಿಂದಲೇ. ಮದ್ದಿನ ಉದ್ದಕ್ಕೆ ಎಲ್ಲಿ ಬರ್ಡನ್ ಅತಿ ಕಡಿಮೆಯೋ ಅದೇ B.

ಜೊತೆಗೆ ಸ್ಟೆಮ್ಮಿಂಗ್ ತೆಗೆದು ಮತ್ತೆ ತುಂಬಿದಾಗ ಅದು 3 ಮೀಟರ್ ಪೂರ್ತಿ ಇರಬೇಕು. ಬೂಸ್ಟರ್ ಇಳಿಸಿದ ಜಾಗ ಕಳೆದು ಎರಡೂವರೆ ಉಳಿದರೆ ಮೇಲ್ಮುಖವಾಗಿ ಹಾರುವ ಲೆಕ್ಕವೂ ಏರುತ್ತದೆ. ಅದೇ ಸೂತ್ರದಲ್ಲಿ B ಬದಲು ಸ್ಟೆಮ್ಮಿಂಗ್ ಉದ್ದ ಹಾಕಿ ನೋಡಿ.

ಸರ್ವೆಕೋಲು
ಒಪ್ಪಿದೆ. ಅಳತೆಗೆ ಯಾರೂ ಅಂಚಿಗೆ ಹೋಗಬೇಕಿಲ್ಲ. ಎದುರು ಬೆಂಚಿನಿಂದ ಟೋಟಲ್ ಸ್ಟೇಷನ್ ಅಥವಾ ಡ್ರೋನ್ ಫೋಟೋದಿಂದ ಗೋಡೆಯ ಪ್ರೊಫೈಲ್ ತೆಗೆಯಬಹುದು. ಡ್ರಿಲ್ ಪ್ಲಾನಿನಲ್ಲಿರುವ ಕುಳಿಯ ಬಾಯಿ ಅದರ ಮೇಲೆ ಇಟ್ಟು, ಪ್ರತಿ ಅರ್ಧ ಮೀಟರ್ ಆಳಕ್ಕೆ ಎಷ್ಟು ಕಲ್ಲು ಉಳಿದಿದೆ ಅಂತ ಬರೆಯಿರಿ. ಆದರೆ ಕುಳಿ ವಾಲಿದ್ದರೆ ಆ ಅಂಕಿಯೂ ಅಂದಾಜೇ.

ಅಂದಹಾಗೆ k 27 ಅನ್ನುವುದನ್ನು ಎಲ್ಲರೂ ಒಪ್ಪುವುದಿಲ್ಲ. ನಿಮ್ಮದೇ ಜಾಗದ ಹಳೆಯ ಬ್ಲಾಸ್ಟಿನಲ್ಲಿ ಕಲ್ಲು ಎಲ್ಲಿ ತನಕ ಬಿದ್ದಿತ್ತು ಅಂತ ದಾಖಲೆ ಇದ್ದರೆ ಅದರಿಂದ k ತೆಗೆಯುವುದು ಸರಿಯಾದ ದಾರಿ.

ಹಸಿರುಬಾವುಟ
ಲೆಕ್ಕದಲ್ಲಿ 850 ಬರೆಯುವುದು ಸುಲಭ. ಸುತ್ತ 850 ಮೀಟರ್ ದೂರದೊಳಗೆ ಎಷ್ಟು ದಾರಿ ಬರುತ್ತವೆ ಅಂತ ನೋಡಿದ್ದೀರಾ? 300ಕ್ಕೆ ನಾಲ್ಕು ಕಾವಲು ಸಾಕಾಗಿದ್ದರೆ ಇದಕ್ಕೆ ಹತ್ತೋ ಹನ್ನೆರಡೋ ಬೇಕು, ಸಾರ್ವಜನಿಕ ರಸ್ತೆ ಸಿಕ್ಕರೆ ಅದನ್ನೂ ತಡೆಯಬೇಕು, ಹೊಲದಲ್ಲಿರುವವರನ್ನು ಹೊರಗೆ ಕಳಿಸಬೇಕು. ಬೆಳಿಗ್ಗೆ ಬ್ಲಾಸ್ಟಿಗೆ ಬಂದ ಕಾವಲಿನವರೇ ಸಾಲುವುದಿಲ್ಲ.

ಕಾಲುದಾರಿ ಮರೆಯಬೇಡಿ. ಗೇಟಲ್ಲಿ, ಟಿಪ್ಪರ್ ದಾರಿಯಲ್ಲಿ ಜನ ನಿಲ್ಲಿಸುತ್ತಾರೆ, ಹಿಂದಿನ ಗುಡ್ಡದಿಂದ ದನ ಕಾಯುವ ಹುಡುಗ ಇಳಿದು ಬರುತ್ತಾನೆ. ಕಾವಲಿನವನೂ ವಲಯದ ಗೆರೆಯ ಹೊರಗೆ ನಿಲ್ಲಬೇಕು, ಗೆರೆಯ ಮೇಲೆ ಅಲ್ಲ. ಗೋಡೆಯ ಎದುರು ದಿಕ್ಕಿನಲ್ಲಿ ಯಾರನ್ನೂ ನಿಲ್ಲಿಸಲೇಬೇಡಿ, ಕಲ್ಲು ಹೆಚ್ಚು ಬರುವುದು ಆ ಕಡೆಗೇ.

ಬೆಂಚ್‌ಮೇಟ್
ಮುಂದೇನಾಯಿತು ಹೇಳುತ್ತೇನೆ. ಒಂದು ಗಂಟೆ ಕಾದ ಮೇಲೆ ಬ್ಲಾಸ್ಟರ್ ಒಬ್ಬರೇ ಮೇಲೆ ಹೋದರು. ಹೊಗೆ ಇಲ್ಲ. 9ರ ಬಾಯಲ್ಲಿ ಕನೆಕ್ಟರ್ ಬ್ಲಾಕ್ ಒಡೆಯದೆ ಇದೆ. 8ರ ಕಡೆಯಿಂದ ಬಂದ ಟ್ಯೂಬ್ ಸುಮಾರು ಒಂದು ಅಡಿ ಉಳಿದು, ತುದಿ ಹರಿದಂತಿದೆ. 9ರ ಸ್ವಂತ ಟ್ಯೂಬ್ ಪುಡಿಯ ಕೆಳಗೆ ಸಿಕ್ಕಿತು, ತುಂಡಾಗಿಲ್ಲ. ಎರಡೂ ಟ್ಯೂಬಿಗೆ ಬಟ್ಟೆ ಕಟ್ಟಿ ಗುರುತು ಮಾಡಿ ಬಂದಿದ್ದಾರೆ.

ಕರಿಕಲ್ಲು
ಒಳ್ಳೆಯ ಸುದ್ದಿ. ಸರಪಳಿ 8ರ ಹತ್ತಿರ ತುಂಡಾಗಿದೆ, ಇನ್ನು ಸ್ಟೆಮ್ಮಿಂಗ್ ತೆಗೆಯುವ ಕೆಲಸ ಬೇಡ. ಎರಡೂ ಟ್ಯೂಬ್ ಜೀವಂತ ಇರುವ ಸಾಧ್ಯತೆ ಹೆಚ್ಚು. 9ಕ್ಕೆ ಹೊಸ ಸ್ಟಾರ್ಟರ್, 9ರಿಂದ 10ಕ್ಕೆ ಹೊಸ 25ರ ಕನೆಕ್ಟರ್. ಹಳೆಯ ಬ್ಲಾಕ್ ಮತ್ತೆ ಬಳಸಬೇಡಿ, ಅದನ್ನು ಬಿಚ್ಚಲೂ ಹೋಗಬೇಡಿ. ಅದರೊಳಗೂ ಜೀವಂತ ಡೆಟೋನೇಟರ್ ಇದೆ, ಬ್ಲಾಸ್ಟರ್ ಈ ಬ್ಲಾಸ್ಟಿನಲ್ಲೇ ಅದನ್ನೂ ಹೊಡೆದು ಮುಗಿಸಲಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಬೇಕು.

ಆದರೆ ಗೋಡೆ ಅಳತೆ ಬರುವ ತನಕ ಜೋಡಿಸಬೇಡಿ. ಜೋಡಿಸಿದ ಮೇಲೆ ಸಂಜೆ ಆಗಿ, ಕಾವಲು ಸಾಲದೆ ಬಿಟ್ಟು ಹೋಗುವ ಪರಿಸ್ಥಿತಿ ಬರಬಾರದು.

ಬೆಂಚ್‌ಮೇಟ್
ಡ್ರೋನ್ ಅಳತೆ ಬಂತು. 9ರ ಮುಂದೆ ಮೇಲಿನಿಂದ 3.5 ಮೀಟರ್ ಆಳದಲ್ಲಿ 2.2 ಮೀಟರ್ ಕಲ್ಲು ಇದೆ, ಅಲ್ಲಿ ರಾಶಿ ಇಲ್ಲ. 4.5ರಿಂದ ಕೆಳಗೆ ರಾಶಿ ಒರಗಿದೆ. 10ರ ಮುಂದೆ ಎಲ್ಲ ಕಡೆ 2.8 ಮೀಟರಿಗಿಂತ ಹೆಚ್ಚು.

ಸರ್ವೆಕೋಲು
2.2ಕ್ಕೆ L 167 ಬರುತ್ತದೆ, ನಾಲ್ಕು ಪಟ್ಟು 667. 700 ಇಡಿ.

ನೀಲಿಬತ್ತಿ
ಇಲ್ಲವೇ ಆ ಒಂದು ಮೀಟರ್ ಮುಚ್ಚಿ. ಕೆಳಗಿನಿಂದ ಟಿಪ್ಪರಿನಲ್ಲಿ ಸಣ್ಣ ಕಲ್ಲು ತಂದು ಸುರಿದು ರಾಶಿ ಏರಿಸಿದರೆ 300ರಲ್ಲೇ ಮುಗಿಯುತ್ತದೆ.

ಕರಿಕಲ್ಲು
ಅದಕ್ಕೆ ಟಿಪ್ಪರ್ ಚಾಲಕನನ್ನು 126 ಕೆಜಿಯ ಕೆಳಗೆ, ಬಿರುಕು ಬಿಟ್ಟ ಗೋಡೆಯ ಬುಡಕ್ಕೆ ಕಳಿಸಬೇಕು. ಅದಕ್ಕಿಂತ 700 ಮೀಟರ್ ಖಾಲಿ ಮಾಡುವುದು ಮೇಲು ಅಂತ ನನ್ನ ಅಭಿಪ್ರಾಯ.

ಜಲ್ಲಿಪುಡಿ
ಇದು ಹಾಗೆ ಒಂದೇ ಮಾತಲ್ಲಿ ಮುಗಿಯುವುದಲ್ಲ. 700ರೊಳಗೆ ಮನೆಗಳಿದ್ದರೆ ಏನು ಮಾಡುತ್ತೀರಿ? ಒಬ್ಬ ಚಾಲಕ, ಗಟ್ಟಿ ಕ್ಯಾಬಿನ್, ಪಕ್ಕದಿಂದ ಸುರಿದು ಬರುವುದು ಒಂದು ಕಡೆ. ಇಪ್ಪತ್ತು ಮನೆ ಖಾಲಿ ಮಾಡಿಸಿ ಒಬ್ಬರೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಇನ್ನೊಂದು ಕಡೆ. ಎರಡರಲ್ಲೂ ಅಪಾಯ ಇದೆ. ಬ್ಲಾಸ್ಟಿಂಗ್ ಮ್ಯಾಟ್ ಮೇಲಿನಿಂದ ಇಳಿಬಿಡುವುದೂ ಒಂದು ದಾರಿ, ಆದರೆ ಗೋಡೆಗೆ ಮ್ಯಾಟ್ ನಿಲ್ಲಿಸುವುದು ಕಷ್ಟ.

ಹಸಿರುಬಾವುಟ
ಬೆಂಚ್‌ಮೇಟ್, 700ರೊಳಗೆ ಏನಿದೆ?

ಬೆಂಚ್‌ಮೇಟ್
ಮನೆ ಇಲ್ಲ. ಕ್ರಷರ್, ಆಫೀಸು, ಮಣ್ಣಿನ ರಸ್ತೆ ಒಂದು, ಹಿಂದೆ ಗುಡ್ಡದ ಕಾಲುದಾರಿ ಎರಡು. ಬೆಳಕು ಇನ್ನು ಎರಡು ಗಂಟೆ ಇದೆ. ಮೇಲಿನವರು ಇವತ್ತೇ ಅಂತಾರೆ, ಬ್ಲಾಸ್ಟರ್ ನಾಳೆ ಬೆಳಿಗ್ಗೆ ಅಂತಾರೆ.

ಕರಿಕಲ್ಲು
ಬ್ಲಾಸ್ಟರ್ ಮಾತು ಕೇಳಿ. ಮತ್ತೆ ಹೊಡೆದ ಮೇಲೆ ಕಾಯಬೇಕು, ನೋಡಬೇಕು, 8ರ ಸುತ್ತ ರಾಶಿಯಲ್ಲಿ ಎಮಲ್ಷನ್ ತುಂಡು ಇದೆಯಾ ಅಂತ ಹುಡುಕಬೇಕು. ಅದು ಕತ್ತಲಲ್ಲಿ ಆಗುವ ಕೆಲಸ ಅಲ್ಲ. ರಾತ್ರಿಗೆ ಬೆಂಚಿನ ಎರಡೂ ದಾರಿ ಕಟ್ಟಿ, ಒಬ್ಬರಲ್ಲ, ಇಬ್ಬರು ಕಾವಲು ಇಡಿ. ಬರೆದ ಕಾಗದ ಬೆಳಗಿನ ಪಾಳಿಯ ಮೇಟ್ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ: ಎಷ್ಟನೇ ಸಾಲು, ಎಷ್ಟನೇ ಕುಳಿ, ಎಷ್ಟು ಕೆಜಿ, ಟ್ಯೂಬ್ ಎಲ್ಲಿದೆ.

ಮದ್ದುಮನೆ
ಸಿಡಿಲು ಮಳೆ ಬರುವ ಸೂಚನೆ ಇದ್ದರೆ ಕಾವಲಿನವರನ್ನು ಬೆಂಚಿನ ಹತ್ತಿರ ಇಡಬೇಡಿ, ಹೊರಗಿನ ಗೆರೆಗೆ ಕಳಿಸಿ. ನಾನೆಲ್ ಆದರೂ ಸಿಡಿಲಿಗೆ ಹೊಡೆಯಬಹುದು. ಆ ವಾಪಸ್ ಬಂದ 2 ಡೆಟೋನೇಟರ್ ಯಾವ ಚೀಲದ್ದು ಅಂತ ಇನ್ನೂ ಹೇಳಿಲ್ಲ ನೀವು.

ಬೆಂಚ್‌ಮೇಟ್
ಸ್ಟೋರಿನವರನ್ನು ಕೇಳಿದ್ದೇನೆ, ನೋಡಿ ಹೇಳುತ್ತೇನೆ ಅಂದಿದ್ದಾರೆ. ಬೆಳಿಗ್ಗೆ ಆರೂವರೆಗೆ ಕಾವಲು ಹಾಕಿ ಏಳೂವರೆಗೆ ಹೊಡೆಯುವುದು ಅಂತ ತೀರ್ಮಾನ ಆಯಿತು. ಕಾಲುದಾರಿ ಎರಡಕ್ಕೂ ಜನ ಹೇಳಿದ್ದೇನೆ.